ಕಾಲೇಜು ವಾರ್ಷಿಕೋತ್ಸವದ ವಂದನಾರ್ಪಣೆ: ಮೂರೇ ನಿಮಿಷ, ಯಾರನ್ನೂ ಮರೆಯದೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ನನ್ನ ಬಳಿ ಬಂದು ಒಂದೇ ಮಾತು ಕೇಳುತ್ತಾರೆ. "ಮೇಡಂ, ಆಹ್ವಾನ ಪತ್ರಿಕೆಯಲ್ಲಿ ವಂದನಾರ್ಪಣೆಗೆ ನನ್ನ ಹೆಸರು ಹಾಕಿಬಿಟ್ಟಿದ್ದಾರೆ. ಏನು ಹೇಳ್ಬೇಕು, ಎಷ್ಟು ಹೇಳ್ಬೇಕು ಗೊತ್ತಾಗ್ತಿಲ್ಲ. ಒಂದು ಬರೆದುಕೊಡಿ."

ಬರೆದುಕೊಡುವುದು ಕಷ್ಟವಲ್ಲ. ಆದರೆ ನಾನು ಬರೆದರೆ ಅದರಲ್ಲಿ ನಿಮ್ಮ ಕಾಲೇಜು ಇರುವುದಿಲ್ಲ. ನಿಮ್ಮ ವೇದಿಕೆಗೆ ಹೂವು ತಂದವರು ಯಾರು, ಹಿಂದಿನ ರಾತ್ರಿ ಕುರ್ಚಿ ಜೋಡಿಸಿದವರು ಯಾರು ಅಂತ ನನಗೆ ಗೊತ್ತಿಲ್ಲ, ಅಲ್ವಾ? ವಂದನಾರ್ಪಣೆಯ ಜೀವ ಇರುವುದು ಆ ವಿವರಗಳಲ್ಲೇ. ಅದಕ್ಕೆ ನೀವೇ ಬರೆಯುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಕೊನೆಯ ಹೊತ್ತಿಗೆ ಒಂದು ಪೂರ್ತಿ ಮಾದರಿಯೂ ಇದೆ.

ಮಾತಿಗೊಂದು ಉದಾಹರಣೆ ಇಟ್ಟುಕೊಳ್ಳೋಣ. ಶಿಡ್ಲಘಟ್ಟದ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ನೀವು ಅಂತಿಮ ಬಿಎ ವಿದ್ಯಾರ್ಥಿನಿ. ಉದ್ಘಾಟನೆಗೆ ಶಾಸಕರು ಬರುತ್ತಾರೆ. ಮುಖ್ಯ ಅತಿಥಿಯಾಗಿ ಬರುವವರು ಇದೇ ಕಾಲೇಜಿನಲ್ಲಿ ಓದಿ ಈಗ ರೇಷ್ಮೆ ಇಲಾಖೆಯಲ್ಲಿ ಅಧಿಕಾರಿಯಾಗಿರುವ ಮಹಿಳೆ. ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದಾರೆ.

ಮೊದಲು ಏನೇನು ಬೇಕು

ಅಚ್ಚಾಗಿ ಬಂದ ಆಹ್ವಾನ ಪತ್ರಿಕೆಯ ಒಂದು ಪ್ರತಿ, ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿದ ನಾಲ್ಕು ದಪ್ಪ ರಟ್ಟಿನ ಚೀಟಿ, ಒಂದು ಪೆನ್ನು. ಮತ್ತೆ ಕಾರ್ಯಕ್ರಮಕ್ಕೆ ಮುಂಚೆ ನಾಲ್ಕು ದಿನ. ಹಿಂದಿನ ರಾತ್ರಿ ಕೂತು ಬರೆದರೆ ಆಹ್ವಾನ ಪತ್ರಿಕೆಯಲ್ಲಿರುವ ಹೆಸರುಗಳಷ್ಟೇ ಸಿಗುತ್ತವೆ. ಕೆಲಸ ಮಾಡಿದವರ ಹೆಸರು ಅದರಲ್ಲಿ ಇರುವುದಿಲ್ಲ.

1. ಮೂರು ಪ್ರಶ್ನೆ ಕೇಳಿಕೊಂಡು ಬನ್ನಿ

ಬರೆಯಲು ಕೂರುವ ಮೊದಲು ಸಾಂಸ್ಕೃತಿಕ ಸಮಿತಿಯ ಸಂಚಾಲಕರನ್ನು ನೋಡಿ. ಸಂಚಾಲಕರು ಅಂದರೆ ಇಡೀ ಕಾರ್ಯಕ್ರಮದ ಹೊಣೆ ಹೊತ್ತ ಅಧ್ಯಾಪಕರು. ಅವರಿಗೆ ಈ ಮೂರು ಪ್ರಶ್ನೆ ಕೇಳಿ.

ಒಂದು, ವಂದನಾರ್ಪಣೆ ಯಾವಾಗ? ವೇದಿಕೆ ಕಾರ್ಯಕ್ರಮ ಮುಗಿದ ಕೂಡಲೇ, ಹಾಡು ಕುಣಿತಕ್ಕೆ ಮುಂಚೆಯೋ? ಅಥವಾ ಎಲ್ಲ ಮುಗಿದ ಮೇಲೋ? ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ "ಇಷ್ಟು ಚೆನ್ನಾಗಿ ನೃತ್ಯ ಮಾಡಿದ ಗೆಳತಿಯರಿಗೆ ಧನ್ಯವಾದ" ಅಂತ ಬರೆದುಕೊಂಡು ಹೋಗಿ, ಅವರಿನ್ನೂ ಗೆಜ್ಜೆ ಕಟ್ಟುತ್ತಾ ಪಕ್ಕದಲ್ಲಿ ನಿಂತಿದ್ದರೆ ಸಭೆ ನಗುತ್ತದೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಹೆಚ್ಚಾಗಿ ಅಧ್ಯಕ್ಷರ ಮಾತು ಮುಗಿದ ಕೂಡಲೇ ವಂದನಾರ್ಪಣೆ ಇರುತ್ತದೆ. ಸಾಂಸ್ಕೃತಿಕ ಕಾರ್ಯಕ್ರಮ ಆಮೇಲೆ.

ಎರಡು, ಎಷ್ಟು ನಿಮಿಷ? "ಐದು ನಿಮಿಷ ತಗೋ" ಅಂದರೂ ಮೂರಕ್ಕೇ ಬರೆಯಿರಿ. ಹಿಂದಿನ ಭಾಷಣಗಳು ಉದ್ದವಾಗಿ ನಿಮ್ಮ ಸರದಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ದೂರದ ಹಳ್ಳಿಯವರು ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ.

ಮೂರು, ರಾಷ್ಟ್ರಗೀತೆಗೆ ಎದ್ದು ನಿಲ್ಲಿ ಅಂತ ಹೇಳುವವರು ಯಾರು? ನೀವೋ, ನಿರೂಪಕರೋ? ಇದು ತೀರ್ಮಾನ ಆಗದಿದ್ದರೆ ಇಬ್ಬರೂ ಹೇಳುತ್ತೀರಿ, ಇಲ್ಲ ಇಬ್ಬರೂ ಸುಮ್ನೆ ನಿಲ್ಲುತ್ತೀರಿ.

2. ಹೆಸರಿನ ಜೊತೆ ಕೆಲಸವನ್ನೂ ಕಲೆಹಾಕಿ

ಈ ಹಂತಕ್ಕೇ ಜಾಸ್ತಿ ಸಮಯ ಕೊಡಿ. ಇಡೀ ವಂದನಾರ್ಪಣೆ ನಿಲ್ಲುವುದು ಇದರ ಮೇಲೆ.

ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿಕೊಳ್ಳಿ. ಎಡಕ್ಕೆ ಹೆಸರು. ಬಲಕ್ಕೆ ಅವರು ಮಾಡಿದ ಒಂದು ಕೆಲಸ, ಒಂದೇ ಒಂದು, ಕಣ್ಣಿಗೆ ಕಾಣುವಂಥದ್ದು. "ಸಹಕಾರ ನೀಡಿದರು" ಅಂತ ಬಲಗಡೆ ಬರೆಯಬೇಡಿ. ಅದು ಯಾರಿಗೆ ಬೇಕಾದರೂ ಹೊಂದುತ್ತದೆ. "ಇಪ್ಪತ್ತೆರಡು ತಂಡ ಹೆಸರು ಕೊಟ್ಟಿದ್ದವು. ಹದಿನಾಲ್ಕಕ್ಕೆ ಇಳಿಸಿದರು. ಯಾರೂ ಮುನಿಸಿಕೊಳ್ಳಲಿಲ್ಲ." ಇದು ಕೆಲಸ. ಇದನ್ನು ಕೇಳಿದ ಸಂಚಾಲಕರಿಗೆ ನೀವು ನಿಜಕ್ಕೂ ನೋಡಿದ್ದೀರಿ ಅಂತ ಗೊತ್ತಾಗುತ್ತದೆ.

ಬಲಗಡೆಯ ಸಾಲು ಕೂತಲ್ಲೇ ತುಂಬುವುದಿಲ್ಲ. ಕಾಲೇಜಿನಲ್ಲಿ ಓಡಾಡಬೇಕು. ರಿಹರ್ಸಲ್ ನಡೆಯುವ ಕೋಣೆಗೆ ಹೋಗಿ. ಕಚೇರಿಗೆ ಹೋಗಿ ಆಹ್ವಾನ ಪತ್ರಿಕೆ ಟೈಪ್ ಮಾಡಿದವರು ಯಾರು, ಬಹುಮಾನದ ಪಟ್ಟಿ ಸರಿ ಮಾಡಿದವರು ಯಾರು ಕೇಳಿ. ಎನ್‌ಎಸ್‌ಎಸ್ ಸ್ವಯಂಸೇವಕರನ್ನು ಕೇಳಿ. ಮೈಕ್ ಸೆಟ್‌ನವರು ಬಂದಾಗ ಅವರ ಹೆಸರು, ಊರು ಕೇಳಿ. ಮೈದಾನ ಗುಡಿಸುವ ಅಮ್ಮನ ಹೆಸರು ಅಂತಿಮ ವರ್ಷದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹೋಗಿ ಮಾತಾಡಿಸಿ, ಹೆಸರು ಕೇಳಿ.

ನಮ್ಮ ಉದಾಹರಣೆಯಲ್ಲಿ ಹೀಗೆ ಓಡಾಡುವಾಗ ಒಂದು ಸಂಗತಿ ತಿಳಿಯಿತು ಅಂದುಕೊಳ್ಳಿ. ವೇದಿಕೆಗೆ ಕಟ್ಟುವ ಸೇವಂತಿಗೆ ಅಂಗಡಿಯಿಂದ ಬಂದದ್ದಲ್ಲ. ಬಿಕಾಂ ಹುಡುಗಿಯೊಬ್ಬಳ ಅಪ್ಪ ತಮ್ಮ ತೋಟದ್ದೇ ಕುಯ್ದು ಕಳಿಸಿದ್ದಾರೆ. ಇಂಥದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕಾರ್ಯಕ್ರಮದ ದಿನ ಆ ಅಪ್ಪ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಎಚ್ಚರಿಕೆ: ಯಾರಾದರೂ ಹಣ ಕೊಟ್ಟಿದ್ದರೆ ಎಷ್ಟು ಅಂತ ಮೈಕಿನಲ್ಲಿ ಹೇಳಬೇಡಿ. "ಊಟದ ಖರ್ಚು ವಹಿಸಿಕೊಂಡ", "ಬಹುಮಾನ ಕೊಡಿಸಿದ" ಅಂದರೆ ಸಾಕು. ಮೊತ್ತ ಹೇಳಿದರೆ ಕಡಿಮೆ ಕೊಟ್ಟವರಿಗೆ ಮುಜುಗರ. ಹೆಸರು ಬೇಡ ಅಂದವರ ಹೆಸರನ್ನು ಪ್ರೀತಿಯಿಂದಲೂ ಹೇಳಬೇಡಿ.

3. ಹೆಸರುಗಳ ಕ್ರಮ

ಅತಿಥಿಗಳ ವಿಷಯದಲ್ಲಿ ನಿಮ್ಮ ಸ್ವಂತ ಬುದ್ಧಿ ಓಡಿಸಬೇಡಿ. ಆಹ್ವಾನ ಪತ್ರಿಕೆಯಲ್ಲಿರುವ ಕ್ರಮವನ್ನೇ ಹಿಡಿಯಿರಿ. ಸರ್ಕಾರಿ ಕಾಲೇಜಿನಲ್ಲಿ ಆ ಕ್ರಮವನ್ನು ಶಿಷ್ಟಾಚಾರ ನೋಡಿಯೇ ಹಾಕಿರುತ್ತಾರೆ. ಶಿಷ್ಟಾಚಾರ ಅಂದರೆ ಯಾವ ಪದವಿಯವರ ಹೆಸರು ಮೊದಲು ಬರಬೇಕು ಎಂಬ ಸರ್ಕಾರಿ ಪದ್ಧತಿ. ಅದನ್ನು ಹಿಂದೆ ಮುಂದೆ ಮಾಡಿದರೆ ನಿಮಗಲ್ಲ, ಪ್ರಾಂಶುಪಾಲರಿಗೆ ತೊಂದರೆ.

ತುಮಕೂರಿನ ಕಡೆ ಮಠಗಳು ನಡೆಸುವ ಕಾಲೇಜು ಹೆಚ್ಚು. ಅಲ್ಲಿ ಪತ್ರಿಕೆಯ ಮೇಲ್ಗಡೆ "ದಿವ್ಯ ಸಾನ್ನಿಧ್ಯ" ಅಂತ ಸ್ವಾಮೀಜಿಯವರ ಹೆಸರು ಇರುತ್ತದೆ. ಹಾಗಿದ್ದರೆ ಮೊದಲ ನಮನ ಅವರಿಗೇ. ಅವರಿಗೆ "ಧನ್ಯವಾದ" ಅನ್ನುವುದು ರೂಢಿಯಲ್ಲ. "ಭಕ್ತಿಪೂರ್ವಕ ಪ್ರಣಾಮಗಳು" ಅನ್ನುತ್ತಾರೆ. ಉಳಿದವರ ಸರದಿ ಆಮೇಲೆ.

ಅತಿಥಿಗಳಾದ ಮೇಲೆ ಪ್ರಾಂಶುಪಾಲರು, ಆಮೇಲೆ ಸಂಘಟಕರು, ಆಮೇಲೆ ಬೋಧಕೇತರ ಸಿಬ್ಬಂದಿ, ಅಂದರೆ ಪಾಠ ಮಾಡದೆ ಕಚೇರಿ, ಗ್ರಂಥಾಲಯ, ಸ್ವಚ್ಛತೆ ನೋಡಿಕೊಳ್ಳುವವರು. ಆಮೇಲೆ ಹೊರಗಿನಿಂದ ಬಂದು ದುಡಿದವರು. ಕೊನೆಗೆ ವಿದ್ಯಾರ್ಥಿಗಳು ಮತ್ತು ಹೆತ್ತವರು. ವಿದ್ಯಾರ್ಥಿಗಳನ್ನು ಕೊನೆಗೆ ಇಡುವುದಕ್ಕೆ ಕಾರಣವಿದೆ. ಅವರ ಹೆಸರು ಬಂದ ಕೂಡಲೇ ಶಿಳ್ಳೆ, ಚಪ್ಪಾಳೆ ಶುರುವಾಗುತ್ತದೆ. ಅದಾದ ಮೇಲೆ ಯಾರ ಹೆಸರು ಹೇಳಿದರೂ ಕೇಳಿಸುವುದಿಲ್ಲ.

ಎಲ್ಲರ ಹೆಸರನ್ನೂ ಹೇಳುತ್ತಾ ಹೋದರೆ ಮೂರು ನಿಮಿಷ ಸಾಲದು. ನಾನು ಹೇಳಿಕೊಡುವುದು ಹೀಗೆ: ವೇದಿಕೆಯ ಮೇಲಿರುವವರೆಲ್ಲರ ಹೆಸರು ಇರಲಿ. ಕೆಳಗಿನವರಲ್ಲಿ ಐದಾರು ಹೆಸರು ಮಾತ್ರ. ಉಳಿದವರು ಗುಂಪಾಗಿ ಬರಲಿ, ಆದರೆ ಗುಂಪಿಗೂ ಒಂದು ಕೆಲಸ ಹೇಳಿ. ಅಧ್ಯಾಪಕರಲ್ಲಿ ಮೂವರನ್ನು ಹೆಸರಿಸಿ ನಾಲ್ಕನೆಯವರನ್ನು ಬಿಟ್ಟರೆ ಬೇಸರವಾಗುತ್ತದೆ. ಒಬ್ಬ ಸಂಚಾಲಕರ ಹೆಸರು ಹೇಳಿ, ಮಿಕ್ಕವರನ್ನು "ಎಲ್ಲ ಅಧ್ಯಾಪಕರು" ಅಂದರೆ ಯಾರಿಗೂ ನೋವಿಲ್ಲ. ಅತಿಥಿ ಉಪನ್ಯಾಸಕರನ್ನು ಆ "ಎಲ್ಲ" ಎಂಬ ಮಾತಿನಲ್ಲಿ ಅಡಗಿಸದೆ ಬೇರೆಯಾಗಿ ಒಂದು ಸಲ ಹೇಳಿ. ಅನೇಕ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರ ಮೇಲೆಯೇ ನಿಂತಿದೆ.

4. ಪದಗಳ ಆಯ್ಕೆ

ಒಂದೇ ವಾಕ್ಯ ಹದಿನೈದು ಸಲ ಬರುವುದು ಎಲ್ಲರೂ ಮಾಡುವ ತಪ್ಪು. "ಶ್ರೀ …… ರವರಿಗೆ ನಾನು ವಂದನೆಗಳನ್ನು ಅರ್ಪಿಸಲು ಇಚ್ಛಿಸುತ್ತೇನೆ." ಇಚ್ಛಿಸುವುದು ಯಾಕೆ, ಅರ್ಪಿಸಿಬಿಡಿ! "ಅವರಿಗೆ ನಮ್ಮ ವಂದನೆ" ಅಂದರೆ ಮುಗಿಯಿತು. ಹೆಸರಿನ ಮುಂದೆ "ರವರು" ಎಂದು ಕಚೇರಿ ಪತ್ರಗಳಲ್ಲಿ ಬರೆಯುತ್ತಾರೆ. ಮಾತಿನಲ್ಲಿ "ಅವರು" ಅನ್ನಿ. ಅದೇ ಸರಿಯಾದ ರೂಪ, ಕಿವಿಗೂ ಹಿತ.

ಮೂರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. "ವಂದನೆ" ಗೌರವದ ಮಾತು, ವೇದಿಕೆಯ ಹಿರಿಯರಿಗೆ ಚೆನ್ನಾಗಿ ಒಪ್ಪುತ್ತದೆ. "ಧನ್ಯವಾದ" ಉಪಕಾರ ಮಾಡಿದವರಿಗೆ, ಯಾರಿಗೆ ಬೇಕಾದರೂ ಹೇಳಬಹುದು. "ಅಭಿನಂದನೆ" ಗೆದ್ದವರಿಗೆ. ಬಹುಮಾನ ಪಡೆದ ವಿದ್ಯಾರ್ಥಿಗಳಿಗೆ ಅಭಿನಂದನೆ. ಬಹುಮಾನ ಕೊಟ್ಟ ಅತಿಥಿಗೆ ವಂದನೆ. ವೇದಿಕೆಯಲ್ಲಿ ಇದು ಅದಲುಬದಲಾಗುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಭಾಷಣ ಮಾಡಿದ ಅತಿಥಿಗೆ "ಅಭಿನಂದನೆ" ಹೇಳಿದರೆ, ಅವರು ಸ್ಪರ್ಧೆಯಲ್ಲಿ ಗೆದ್ದರು ಅಂದ ಹಾಗಾಗುತ್ತದೆ.

ನಾಲಿಗೆಗೆ ಬಾರದ ಪದ ಬೇಡ. "ಹಾರ್ದಿಕ" ಅನ್ನುವುದು ಅವಸರದಲ್ಲಿ "ಆರ್ದಿಕ" ಆಗುತ್ತದೆ, ಇನ್ನೂ ಅವಸರವಾದರೆ "ಆರ್ಥಿಕ" ಆಗುತ್ತದೆ. ನಿಮಗೆ ಹಕಾರ ಜಾರುವ ಅಭ್ಯಾಸ ಇದ್ದರೆ "ಮನಸಾರೆ" ಅನ್ನಿ. "ಆದರಣೀಯ", "ಕೃತಾರ್ಥ", "ಅವಿಸ್ಮರಣೀಯ" ಮುಂತಾದವನ್ನು ಬಿಟ್ಟುಬಿಡಿ. ಮಾತು ಸರಳವಾದರೆ ಗೌರವ ಕಡಿಮೆಯಾಗುವುದಿಲ್ಲ.

ಇನ್ನೊಂದು ಮಾತು ನಮ್ಮ ಗಡಿ ಸೀಮೆಯವರಿಗೆ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಕೆಜಿಎಫ್‌ನಲ್ಲಾದರೆ ತಮಿಳು. ವಾರ್ಷಿಕೋತ್ಸವಕ್ಕೆ ಬಂದ ಅಮ್ಮಂದಿರಿಗೆ ಅವರ ಮನೆ ಮಾತಿನಲ್ಲಿ ಒಂದೇ ಒಂದು ನಮಸ್ಕಾರ ಹೇಳಿ. "ಅಂದರಿಕೀ ನಮಸ್ಕಾರಂ" ಅಂದರೆ ಎಲ್ಲರಿಗೂ ನಮಸ್ಕಾರ ಅಂತ. ಅಷ್ಟೇ ಸಾಕು, ಅವರ ಮುಖ ಅರಳುತ್ತದೆ.

5. ಅತಿಥಿಗೆಂದು ಖಾಲಿ ಜಾಗ ಬಿಡಿ

ಎಲ್ಲವನ್ನೂ ಮೊದಲೇ ಬರೆದು ಮುಗಿಸಬೇಡಿ. ಮುಖ್ಯ ಅತಿಥಿಯ ಚೀಟಿಯಲ್ಲಿ ಮೂರು ಸಾಲು ಖಾಲಿ ಇರಲಿ. ಅದನ್ನು ತುಂಬುವುದು ಅವರು ಮಾತಾಡುವಾಗ.

"ಅತಿಥಿಗಳು ತಮ್ಮ ಅಮೂಲ್ಯ ಸಮಯ ನೀಡಿ ಹಿತವಚನ ಹೇಳಿದರು" ಅಂತ ಮೊದಲೇ ಬರೆದಿಟ್ಟುಕೊಂಡರೆ, ಅವರು ಏನೂ ಮಾತಾಡದಿದ್ದರೂ ಅದೇ ವಾಕ್ಯ ಹೇಳಬಹುದಿತ್ತು. ಬದಲಿಗೆ ವೇದಿಕೆಯ ಪಕ್ಕ ಕೂತು ಕೇಳಿ. ಎಲ್ಲವನ್ನೂ ಬರೆದುಕೊಳ್ಳಬೇಡಿ. ಸಭೆ ಒಮ್ಮೆಲೇ ಸುಮ್ಮನಾದ ಕ್ಷಣ, ಇಲ್ಲವೇ ಚಪ್ಪಾಳೆ ಬಿದ್ದ ಕ್ಷಣ ಒಂದಿರುತ್ತದೆ. ಆಗ ಹೇಳಿದ ಮಾತನ್ನು ಅವರ ಪದಗಳಲ್ಲೇ ಗುರುತು ಹಾಕಿಕೊಳ್ಳಿ.

ನಮ್ಮ ಉದಾಹರಣೆಯ ಅಧಿಕಾರಿ ಹೀಗೆ ಹೇಳಿದರು ಅಂದುಕೊಳ್ಳೋಣ: "ರೇಷ್ಮೆ ಹುಳ ನಾಲ್ಕು ಜ್ವರ ದಾಟಿದ ಮೇಲೇನೇ ಗೂಡು ಕಟ್ಟೋದು. ಒಂದು ಸಬ್ಜೆಕ್ಟ್ ಹೋಯ್ತು ಅಂತ ಓದು ಬಿಡಬೇಡಿ." ಜ್ವರ ಅಂದರೆ ಹುಳ ಸೊಪ್ಪು ತಿನ್ನುವುದು ನಿಲ್ಲಿಸಿ, ಅಲ್ಲಾಡದೆ ಇದ್ದು ಪೊರೆ ಬಿಡುವ ಹೊತ್ತು. ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕಿ ಕಾಲೇಜಿಗೆ ಬರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಮಾತನ್ನು ನೀವು ಮತ್ತೆ ನೆನಪಿಸಿದರೆ ಅತಿಥಿಗೂ ತಾವು ಹೇಳಿದ್ದು ತಲುಪಿತು ಅನ್ನಿಸುತ್ತದೆ.

ಇಲ್ಲೊಂದು ಮಿತಿ ಇದೆ. ಒಂದೇ ಮಾತು ನೆನಪಿಸಿ. ಅತಿಥಿಯ ಭಾಷಣದ ಸಾರಾಂಶ ಹೇಳಲು ಹೊರಟರೆ ಅದು ಎರಡನೇ ಭಾಷಣವಾಗುತ್ತದೆ.

ಬಾರದವರ ವಿಷಯ ಏನು? ಪತ್ರಿಕೆಯಲ್ಲಿ ಹೆಸರಿದ್ದು ಬಾರದೆ ಇರುವವರು ಪ್ರತಿ ವರ್ಷ ಒಬ್ಬಿಬ್ಬರು ಇರುತ್ತಾರೆ. ಅವರಿಗೆ "ಆಗಮಿಸಿದ್ದಕ್ಕೆ" ವಂದನೆ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಓದುವವಳು ಚೀಟಿಯಿಂದ ತಲೆ ಎತ್ತಿರಲಿಲ್ಲ. ಆ ಹುಡುಗಿ ಆಮೇಲೆ ಅತ್ತಳು. ಆದ್ದರಿಂದ ಕಾರ್ಯಕ್ರಮ ಶುರುವಾದ ಮೇಲೆ ವೇದಿಕೆಯ ಕುರ್ಚಿಗಳನ್ನು ನೋಡಿ, ಬಾರದವರ ಹೆಸರಿನ ಮೇಲೆ ಗೆರೆ ಎಳೆಯಿರಿ. ಶುಭಾಶಯ ಕಳಿಸಿದ್ದರೆ "ಬರಲಾಗದಿದ್ದರೂ ಶುಭ ಹಾರೈಸಿದ" ಅನ್ನಿ. ಕಳಿಸದಿದ್ದರೆ ಹೆಸರು ಬೇಡ. ಉದ್ಘಾಟನೆ ಮಾಡಿ ನಡುವೆಯೇ ಹೊರಟವರಿಗೆ ವಂದನೆ ತಪ್ಪಿಸಬೇಡಿ. ಆದರೆ "ಬೇರೆ ಕಾರ್ಯಕ್ರಮ ಇದ್ದುದರಿಂದ ಹೊರಟ" ಎಂಬ ವಿವರಣೆ ಬೇಕಿಲ್ಲ. ಪತ್ರಿಕೆಯಲ್ಲಿ ಇಲ್ಲದವರೊಬ್ಬರು ವೇದಿಕೆಗೆ ಬಂದು ಕೂತಿರಬಹುದು. ಅವರ ಹೆಸರು ಮತ್ತು ಹುದ್ದೆಯನ್ನು ನಿರೂಪಕರಿಂದ ಕೇಳಿ ಬರೆದುಕೊಳ್ಳಿ.

6. ಪೂರ್ತಿ ಮಾದರಿ

ಈಗ ಇಷ್ಟನ್ನೂ ಸೇರಿಸಿ ಬರೆದರೆ ಹೇಗಿರುತ್ತದೆ ನೋಡಿ. ಚುಕ್ಕಿ ಇರುವ ಕಡೆ ಹೆಸರು ಹಾಕಿಕೊಳ್ಳಿ.

> ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದೆ ಕುಳಿತಿರುವ ಎಲ್ಲರಿಗೆ ನಮಸ್ಕಾರ.
>
> ನಿನ್ನೆ ಬೆಳಗ್ಗೆ ಇದು ಬರೀ ನಮ್ಮ ಆಟದ ಮೈದಾನ. ಇವತ್ತು ಇಲ್ಲಿ ಹಬ್ಬ ನಡೆಯುತ್ತಿದೆ. ಈ ಹಬ್ಬ ಮಾಡಿದವರಿಗೆಲ್ಲ ಕಾಲೇಜಿನ ಪರವಾಗಿ ವಂದನೆ ಹೇಳಲು ನಿಂತಿದ್ದೇನೆ.
>
> ದೀಪ ಬೆಳಗಿ ಸಮಾರಂಭ ಉದ್ಘಾಟಿಸಿದ ನಮ್ಮ ಶಾಸಕರು, ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು, ಸನ್ಮಾನ್ಯ ಶ್ರೀ …… ಅವರಿಗೆ ನಮ್ಮೆಲ್ಲರ ವಂದನೆ.
>
> ಮುಖ್ಯ ಅತಿಥಿ ಶ್ರೀಮತಿ …… ಅವರು ನಾವು ಕೂರುವ ಬೆಂಚಿನಲ್ಲೇ ಕೂತು ಓದಿದವರು. "ಹುಳ ನಾಲ್ಕು ಜ್ವರ ದಾಟಿದ ಮೇಲೇನೇ ಗೂಡು ಕಟ್ಟೋದು" ಅಂತ ಅವರು ಹೇಳಿದಾಗ ಹಿಂದಿನ ಬೆಂಚಿನ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂ, ಈ ಮಾತು ನಮಗೆ ಬೇಕಾಗಿತ್ತು. ನಿಮಗೆ ಮನಸಾರೆ ವಂದನೆ.
>
> ಅಧ್ಯಕ್ಷತೆ ವಹಿಸಿದ ನಮ್ಮ ಪ್ರಾಂಶುಪಾಲರು ಡಾ. …… ಅವರು ರಿಹರ್ಸಲ್‌ಗೆಂದು ಹತ್ತು ದಿನ ಸಂಜೆಯವರೆಗೂ ಕಾಲೇಜು ತೆರೆದಿಟ್ಟರು. ಕೊನೆಯ ತಂಡ ಹೊರಡುವವರೆಗೆ ತಾವೂ ಇರುತ್ತಿದ್ದರು. ಸರ್, ನಿಮಗೆ ವಂದನೆ.
>
> ಹೆಸರು ಕೊಟ್ಟಿದ್ದು ಇಪ್ಪತ್ತೆರಡು ತಂಡ, ಸಮಯ ಇದ್ದಿದ್ದು ಹದಿನಾಲ್ಕಕ್ಕೆ. ಯಾರ ಮನಸ್ಸೂ ನೋಯದಂತೆ ಅದನ್ನು ಹೊಂದಿಸಿದವರು ಸಾಂಸ್ಕೃತಿಕ ಸಮಿತಿಯ ಸಂಚಾಲಕರಾದ …… ಮೇಡಂ. ಅವರ ಜೊತೆ ನಿಂತ ಎಲ್ಲ ಅಧ್ಯಾಪಕರಿಗೆ, ತರಗತಿ ಮುಗಿಸಿ ನಮಗೆ ಹಾಡು ನಾಟಕ ಕಲಿಸಿದ ಅತಿಥಿ ಉಪನ್ಯಾಸಕರಿಗೆ ಧನ್ಯವಾದ.
>
> ಬಹುಮಾನದ ಪಟ್ಟಿಯಲ್ಲಿ ಒಂದು ಹೆಸರೂ ತಪ್ಪದಂತೆ ನೋಡಿಕೊಂಡ ಕಚೇರಿ ಸಿಬ್ಬಂದಿಗೆ, ಬೆಳಗ್ಗೆ ಆರಕ್ಕೇ ಬಂದು ಮೈದಾನ ಗುಡಿಸಿ ನೀರು ಹಾಕಿದ ……ಮ್ಮನವರಿಗೆ, ರಾತ್ರಿ ಹತ್ತರವರೆಗೆ ಕುರ್ಚಿ ಹೊತ್ತ ಎನ್‌ಎಸ್‌ಎಸ್ ಗೆಳೆಯರಿಗೆ ಧನ್ಯವಾದ. ನನ್ನ ದನಿ ಹಿಂದಿನ ಸಾಲಿಗೆ ಕೇಳಿಸುತ್ತಿದ್ದರೆ ಅದು ಮೈಕ್ ಸೆಟ್‌ನ ……ಣ್ಣನವರಿಂದ.
>
> ಈ ವೇದಿಕೆಯ ಸೇವಂತಿಗೆ ನಮ್ಮ ಬಿಕಾಂ ಗೆಳತಿ …… ಅವರ ತೋಟದ್ದು. ಅವರ ತಂದೆ ಇಲ್ಲೇ ಇದ್ದಾರೆ. ಅಪ್ಪಾಜಿ, ನಿಮಗೆ ಧನ್ಯವಾದ. ಹಳ್ಳಿಗಳಿಂದ ಬಂದ ಎಲ್ಲ ತಂದೆ ತಾಯಂದಿರಿಗೆ ನಮಸ್ಕಾರ, ಅಂದರಿಕೀ ನಮಸ್ಕಾರಂ.
>
> ಇವತ್ತು ಬಹುಮಾನ ಪಡೆದ ಗೆಳೆಯ ಗೆಳತಿಯರಿಗೆ ಅಭಿನಂದನೆ. ಇನ್ನೇನು ವೇದಿಕೆಗೆ ಬರಲಿರುವ ಹದಿನಾಲ್ಕು ತಂಡಗಳಿಗೆ ಶುಭಾಶಯ. ಯಾವ ತಂಡದಲ್ಲೂ ಇಲ್ಲದೆ, ಬೆಳಗಿನಿಂದ ಚಪ್ಪಾಳೆ ತಟ್ಟುತ್ತಾ ಕೂತಿರುವ ನಿಮಗೆಲ್ಲ ಧನ್ಯವಾದ. ನೀವಿಲ್ಲದೆ ಹಬ್ಬ ಇಲ್ಲ. ನಮಸ್ಕಾರ.

ಇದರಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ಗಾದೆ ಇಲ್ಲ, ಕವಿತೆಯ ಸಾಲಿಲ್ಲ. ಬೇಡಿಕೆಯೂ ಇಲ್ಲ. ಶಾಸಕರು ಎದುರಿಗಿದ್ದಾರೆ ಅಂತ "ನಮಗೊಂದು ಹಾಸ್ಟೆಲ್ ಕಟ್ಟಡ ಕೊಡಿಸಬೇಕು" ಅಂತ ಸೇರಿಸಲು ಯಾರಾದರೂ ಹೇಳಿಕೊಡುತ್ತಾರೆ. ಬೇಡಿಕೆ ನ್ಯಾಯವಾದದ್ದೇ ಇರಬಹುದು. ಅದಕ್ಕೆ ವಾರ್ಷಿಕ ವರದಿ ಇದೆ, ಪ್ರಾಂಶುಪಾಲರ ಮಾತಿದೆ. ವಂದನೆಯ ಹಿಂದೆ ಬೇಡಿಕೆ ಬಂದರೆ ವಂದನೆಯೂ ಅದಕ್ಕಾಗಿಯೇ ಅನ್ನಿಸುತ್ತದೆ.

ಶಿಡ್ಲಘಟ್ಟದ ಹುಳ, ಸೊಪ್ಪನ್ನು ಹಾಗೇ ಎತ್ತಿ ನಿಮ್ಮ ಕಾಲೇಜಿಗೆ ಹಾಕಬೇಡಿ. ತಿಪಟೂರಿನಲ್ಲಾದರೆ ಅತಿಥಿ ಕೊಬ್ಬರಿಯ ಮಾತು ಆಡಿಯಾರು. ಕೋಲಾರದಲ್ಲಿ ಟೊಮೆಟೊ ಮಂಡಿಯ ಮಾತು ಬಂದೀತು. ಏನೂ ಬರದಿದ್ದರೂ ಸರಿ, ಅವರು ಆಡಿದ ಮಾತೇ ನಿಮ್ಮ ಚೀಟಿಗೆ ಬರಲಿ.

7. ಗಟ್ಟಿಯಾಗಿ ಓದಿ, ಹೊತ್ತು ನೋಡಿ

ವೇದಿಕೆಯಲ್ಲಿ ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 80ರಿಂದ 90 ಕನ್ನಡ ಪದ ಹೇಳಬಹುದು. ಮೂರು ನಿಮಿಷಕ್ಕೆ 250 ಪದ ಅಂತ ಇಟ್ಟುಕೊಳ್ಳಿ. ಮೇಲಿನ ಮಾದರಿ ಅದಕ್ಕಿಂತ ಸ್ವಲ್ಪ ಚಿಕ್ಕದು, ಸುಮಾರು 210 ಪದ. ಮೊಬೈಲಿನಲ್ಲಿ ಸಮಯ ನೋಡಿಕೊಂಡು ಎರಡು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಕಣ್ಣು ನಾಲಿಗೆಗಿಂತ ಬೇಗ ಓಡುತ್ತದೆ.

ಮೂರು ನಿಮಿಷ ದಾಟಿದರೆ ಹೆಸರು ಕತ್ತರಿಸಬೇಡಿ. ವಿಶೇಷಣ ಕತ್ತರಿಸಿ. "ಸದಾ ಹಸನ್ಮುಖಿಗಳಾದ, ವಿದ್ಯಾರ್ಥಿಗಳ ಏಳಿಗೆಯನ್ನೇ ಬಯಸುವ" ಎಂಬ ಸಾಲು ಹೋದರೆ ಯಾರಿಗೂ ನಷ್ಟವಿಲ್ಲ.

ಹೆಸರುಗಳನ್ನು ಬೇರೆಯಾಗಿ ಅಭ್ಯಾಸ ಮಾಡಿ. ಪತ್ರಿಕೆಯಲ್ಲಿ ಅಚ್ಚಾದ ಹೆಸರಿಗೂ ಜನ ಕರೆಯುವ ಹೆಸರಿಗೂ ವ್ಯತ್ಯಾಸ ಇರುತ್ತದೆ. ಇನಿಷಿಯಲ್ ಅನ್ನು ಹೇಗೆ ಹೇಳಬೇಕು ಅಂತ ಅತಿಥಿಯನ್ನು ಕರೆತಂದವರ ಹತ್ತಿರ ಕೇಳಿ. ಡಾಕ್ಟರೇಟ್ ಪಡೆದವರನ್ನು ಬರೀ "ಶ್ರೀ" ಅಂದರೆ ಅವರು ಏನೂ ಅನ್ನುವುದಿಲ್ಲ, ಆದರೆ ಗಮನಿಸುತ್ತಾರೆ.

8. ವೇದಿಕೆಯಲ್ಲಿ

ಚೀಟಿಗಳಿಗೆ ಮೂಲೆಯಲ್ಲಿ 1, 2, 3, 4 ಅಂತ ನಂಬರ್ ಹಾಕಿ. ಒಂದೇ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ತೆಳು ಹಾಳೆ ಬೇಡ, ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತದೆ, ಕೈ ನಡುಗಿದರೆ ಹಾಳೆಯೂ ನಡುಗುವುದು ಎಲ್ಲರಿಗೂ ಕಾಣುತ್ತದೆ. ಮೊಬೈಲಿನಲ್ಲಿ ನೋಡಿ ಓದುವುದೂ ಬೇಡ. ನಡುವೆ ಸ್ಕ್ರೀನ್ ಆರಿಹೋಗುತ್ತದೆ, ಕರೆ ಬರುತ್ತದೆ.

ಮೈಕಿನಿಂದ ನಾಲ್ಕು ಬೆರಳಿನಷ್ಟು ದೂರ ನಿಲ್ಲಿ. ಹೆಸರು ಹೇಳುವಾಗ ಚೀಟಿ ನೋಡಿ, "ವಂದನೆ" ಅನ್ನುವಾಗ ಆ ವ್ಯಕ್ತಿಯನ್ನು ನೋಡಿ. ಹೂವಿನ ತೋಟದ ಅಪ್ಪ ಎಲ್ಲಿ ಕೂತಿದ್ದಾರೆ ಅಂತ ಮೊದಲೇ ಗೆಳತಿಯನ್ನು ಕೇಳಿ ಗುರುತು ಇಟ್ಟುಕೊಳ್ಳಿ. ಚಪ್ಪಾಳೆ ಬಿದ್ದರೆ ನಿಲ್ಲಿಸಿ, ಅದು ಇಳಿದ ಮೇಲೆ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಮುಂದಿನವರ ಹೆಸರು ಚಪ್ಪಾಳೆಯಲ್ಲಿ ಮುಳುಗುತ್ತದೆ.

ಹೆಸರು ತಪ್ಪಾಗಿ ಬಂದರೆ "ಕ್ಷಮಿಸಿ" ಅಂತ ಒಂದೇ ಪದ ಹೇಳಿ, ಸರಿಯಾದ ಹೆಸರು ಹೇಳಿ, ಮುಂದುವರಿಯಿರಿ. ಕಾರಣ ಹೇಳಬೇಡಿ. "ನಾನು ಯಾರನ್ನಾದರೂ ಮರೆತಿದ್ದರೆ ಕ್ಷಮಿಸಿ" ಅಂತ ಕೊನೆಯಲ್ಲಿ ಸೇರಿಸುವುದು ರೂಢಿಯಾಗಿದೆ. ನನಗೆ ಅದು ಇಷ್ಟವಿಲ್ಲ. ಎರಡನೇ ಹಂತದಲ್ಲಿ ಸರಿಯಾಗಿ ಓಡಾಡಿದ್ದರೆ ಅದು ಬೇಕಾಗುವುದಿಲ್ಲ.

ಅಷ್ಟಾದರೂ ಕೆಳಗಿಳಿದ ಮೇಲೆ ಯಾರೋ ಒಬ್ಬರು ಬಿಟ್ಟುಹೋದದ್ದು ನೆನಪಾಗಬಹುದು. ಸಾಂಸ್ಕೃತಿಕ ಕಾರ್ಯಕ್ರಮ ಇನ್ನೂ ಬಾಕಿ ಇದ್ದರೆ ಗಾಬರಿಯಾಗಬೇಡಿ. ಹೆಸರು ಮತ್ತು ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ನಿರೂಪಕರ ಕೈಗೆ ಕೊಡಿ. ಎರಡು ಹಾಡುಗಳ ನಡುವೆ ಅವರು ಒಂದು ವಾಕ್ಯದಲ್ಲಿ ಹೇಳುತ್ತಾರೆ. ಕಾರ್ಯಕ್ರಮವೇ ಮುಗಿದಿದ್ದರೆ ಅವರು ಮನೆಗೆ ಹೊರಡುವ ಮೊದಲು ನೀವೇ ಹುಡುಕಿಕೊಂಡು ಹೋಗಿ, ಮೈಕಿನಲ್ಲಿ ಹೇಳಬೇಕಿದ್ದ ವಾಕ್ಯವನ್ನು ಎದುರಿಗೆ ನಿಂತು ಹೇಳಿ.